ನೋಟಿಸ್ ಪೀರಿಯಡ್‌ನಲ್ಲಿ ಮ್ಯಾನೇಜರ್ ತಿರುಗಿಬಿದ್ದರೆ: ಪೇಪರ್ ಹಾಕಿದ ದಿನದಿಂದ ರಿಲೀವಿಂಗ್ ಲೆಟರ್ ಕೈಗೆ ಬರುವವರೆಗೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60 ಅಥವಾ 90 ದಿನದ ನೋಟಿಸ್ ಪೀರಿಯಡ್ ಸಾಮಾನ್ಯ. ಎರಡು ವಾರವಾಗಿದ್ದರೆ ಹಲ್ಲುಕಚ್ಚಿಕೊಂಡು ಕಳೆಯಬಹುದು. ಮೂರು ತಿಂಗಳು ಹಾಗೆ ಕಳೆಯಲು ಆಗುವುದಿಲ್ಲ. ಪೇಪರ್ ಹಾಕುವ ತನಕ ಚೆನ್ನಾಗಿಯೇ ಇದ್ದ ಮ್ಯಾನೇಜರ್ ಮರುದಿನದಿಂದ ಮೀಟಿಂಗ್‌ಗಳಿಗೆ ಕರೆಯುವುದನ್ನು ನಿಲ್ಲಿಸಬಹುದು, ಎಲ್ಲರೆದುರು ಚುಚ್ಚಿ ಮಾತಾಡಬಹುದು, ರಜೆ ತಡೆಯಬಹುದು, ‘ರಿಲೀವ್ ಮಾಡೋದಿಲ್ಲ, ನೋಡೋಣ’ ಎಂದು ಹೆದರಿಸಬಹುದು.

ಅವರ ಕೋಪದ ಹಿಂದಿನ ಲೆಕ್ಕ ಗೊತ್ತಿದ್ದರೆ ಮುಂದೆ ಏನು ಬರಬಹುದು ಎಂಬುದೂ ತಿಳಿಯುತ್ತದೆ. ಸರ್ವಿಸ್ ಕಂಪನಿಯಲ್ಲಿ ನಿಮ್ಮ ಸೀಟಿಗೆ ಕ್ಲೈಂಟ್ ಹಣ ಕೊಡುತ್ತಿರುತ್ತಾನೆ. ನೀವು ಹೋದ ದಿನ ಆ ಸೀಟು ಖಾಲಿ ಉಳಿದರೆ ಬಿಲ್ಲಿಂಗ್ ನಿಲ್ಲುತ್ತದೆ, ಮ್ಯಾನೇಜರ್ ಮೇಲಿನವರಿಗೆ ಉತ್ತರ ಹೇಳಬೇಕು. ಬದಲಿ ಜನಕ್ಕೆ ಒಪ್ಪಿಗೆ ಸಿಗಲು ವಾರಗಟ್ಟಲೆ ಬೇಕು. ಎಷ್ಟೋ ಕಡೆ ತಂಡದಿಂದ ಎಷ್ಟು ಜನ ಬಿಟ್ಟರು ಎಂಬ ಅಂಕಿಯೂ ಮ್ಯಾನೇಜರ್ ರೇಟಿಂಗ್‌ಗೆ ಸೇರುತ್ತದೆ. ಹೀಗಾಗಿ ಅವರ ಒತ್ತಡವೆಲ್ಲ ಮೂರು ಕಡೆಯಿಂದ ಬರುತ್ತದೆ: ನಿಮ್ಮ ಕೊನೆಯ ದಿನಾಂಕ, ‘ಕೆಟಿ ಮುಗಿದಿಲ್ಲ’, ಅಂದರೆ ಕೆಲಸವನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು ಒಪ್ಪಿಸಿಲ್ಲ ಎಂಬ ಮಾತು, ಮತ್ತು ಕ್ಲಿಯರೆನ್ಸ್ ಟಿಕೆಟ್‌ನಲ್ಲಿ ಅವರು ಒತ್ತಬೇಕಾದ ಅಪ್ರೂವ್ ಬಟನ್. ಈ ಮೂರೂ ಅವರೊಬ್ಬರ ಬಾಯಿಮಾತಿನ ಮೇಲೆ ನಿಲ್ಲದಂತೆ ನೋಡಿಕೊಂಡರೆ ಉಳಿದದ್ದನ್ನು ತಾಳಿಕೊಳ್ಳಬಹುದು.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಮಾದರಿ ಪ್ರಕರಣ ಇಟ್ಟುಕೊಳ್ಳೋಣ. ಔಟರ್ ರಿಂಗ್ ರೋಡ್‌ನ ಒಂದು ಸರ್ವಿಸ್ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದ ಟೆಸ್ಟಿಂಗ್ ಇಂಜಿನಿಯರ್. ತಿಂಗಳ ಒಟ್ಟು ಸಂಬಳ 1,20,000 ರೂಪಾಯಿ, ಅದರಲ್ಲಿ ಬೇಸಿಕ್ 60,000. ನೋಟಿಸ್ 90 ದಿನ. ರಾಜೀನಾಮೆ ಕೊಟ್ಟದ್ದು 2026ರ ಜನವರಿ 5, ಸೋಮವಾರ.

ಮೊದಲ ವಾರ: ದಿನಾಂಕ ಬರಹದಲ್ಲಿ ಬರಲಿ

ಮ್ಯಾನೇಜರ್‌ಗೆ ಮೊದಲು ಬಾಯಲ್ಲಿ ಹೇಳುವುದು ಮರ್ಯಾದೆ. ಆದರೆ ಹೇಳಿದ ದಿನವೇ ಮೇಲ್ ಹೋಗಬೇಕು. ‘ಒಂದು ವಾರ ತಡಿ, ನಾನು ಮೇಲಿನವರ ಹತ್ತಿರ ಮಾತಾಡ್ತೀನಿ’ ಎಂದು ಅವರು ಕೇಳಿದರೆ, ಮಾತುಕತೆಗೆ ಒಪ್ಪಿ, ಮೇಲ್ ಮಾತ್ರ ನಿಲ್ಲಿಸಬೇಡಿ. ಆ ಒಂದು ವಾರ ಮೂರಾಗಿ, ನೋಟಿಸ್ ಅಲ್ಲಿಂದ ಶುರು ಎಂದು ವಾದ ಹುಟ್ಟುವುದು ತೀರಾ ಸಾಮಾನ್ಯ.

ಮೇಲ್‌ನಲ್ಲಿ ನಾಲ್ಕು ಸಾಲು ಸಾಕು: ಈ ದಿನಾಂಕದಿಂದ ರಾಜೀನಾಮೆ ಕೊಡುತ್ತಿದ್ದೇನೆ, ನೇಮಕಾತಿ ಪತ್ರದಂತೆ ನೋಟಿಸ್ 90 ದಿನ, ಅದರ ಪ್ರಕಾರ ನನ್ನ ಕೊನೆಯ ಕೆಲಸದ ದಿನ ಇಂಥದ್ದು, ದಯವಿಟ್ಟು ಖಚಿತಪಡಿಸಿ. ಕಾರಣ ಬರೆಯಲೇಬೇಕೆಂದಿಲ್ಲ. ದೂರು ಬರೆಯಲೇಬಾರದು. ಮ್ಯಾನೇಜರ್‌ಗೆ ಕಳುಹಿಸಿ, ಎಚ್‌ಆರ್‌ಗೆ ಸಿಸಿ ಹಾಕಿ, ನಿಮ್ಮ ಸ್ವಂತ ಮೇಲ್ ಐಡಿಯನ್ನೂ ಎಲ್ಲರಿಗೂ ಕಾಣುವಂತೆ ಸಿಸಿಯಲ್ಲಿ ಸೇರಿಸಿ. ಇದು ನಿಮ್ಮ ಉದ್ಯೋಗಕ್ಕೆ ಸಂಬಂಧಿಸಿದ ಪತ್ರ, ಕ್ಲೈಂಟ್ ಮಾಹಿತಿ ಇದರಲ್ಲಿ ಒಂದಕ್ಷರವೂ ಇರುವುದಿಲ್ಲ. ಕದ್ದು ಕಳುಹಿಸುವ ಅಗತ್ಯವಿಲ್ಲ. ಪೋರ್ಟಲ್‌ನಲ್ಲಿ ರಾಜೀನಾಮೆಯ ಆಯ್ಕೆ ಇದ್ದರೆ ಅಂದೇ ಅದರಲ್ಲೂ ಹಾಕಿ.

ದಿನಾಂಕದ ಲೆಕ್ಕ ನೀವೇ ಮಾಡಿ. ಜನವರಿ 5ನ್ನೇ ಮೊದಲ ದಿನ ಎಂದು ಎಣಿಸಿದರೆ 90ನೇ ದಿನ ಏಪ್ರಿಲ್ 4, ಶನಿವಾರ. ಮರುದಿನದಿಂದ ಎಣಿಸಿದರೆ ಏಪ್ರಿಲ್ 5, ಭಾನುವಾರ. ಅದರ ಹಿಂದಿನ ಶುಕ್ರವಾರ ಏಪ್ರಿಲ್ 3 ಗುಡ್ ಫ್ರೈಡೇ, ಬಹಳ ಕಂಪನಿಗಳಿಗೆ ರಜೆ. ಅಂದರೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಸಹಿ ಮಾಡಿಸಲು ಸಿಗುವ ನಿಜವಾದ ಕೊನೆಯ ದಿನ ಏಪ್ರಿಲ್ 2, ಗುರುವಾರ. ಇದನ್ನು ಜನವರಿಯಲ್ಲೇ ಎಚ್‌ಆರ್‌ಗೆ ಕೇಳಿ: ದಾಖಲೆಯಲ್ಲಿ ಯಾವ ದಿನಾಂಕ ಬರುತ್ತದೆ, ಸಾಮಾನು ಯಾವ ದಿನ ಒಪ್ಪಿಸಬೇಕು? ಕೊನೆಯ ವಾರದಲ್ಲಿ ಕೇಳಿದರೆ ‘ಸೋಮವಾರ ಬನ್ನಿ’ ಎನ್ನುತ್ತಾರೆ. ಆ ಸೋಮವಾರ ನೀವು ಇನ್ನೊಂದು ಆಫೀಸಿನಲ್ಲಿ ಇರಬೇಕಾಗಿರುತ್ತದೆ. ಹೊಸ ಕಂಪನಿಯ ಸೇರುವ ದಿನವನ್ನು ಒಂದು ವಾರ ಬಿಟ್ಟು ಇಟ್ಟುಕೊಳ್ಳುವುದು ಈ ಕಾರಣಕ್ಕೇ. ನಮ್ಮ ಪ್ರಕರಣದಲ್ಲಿ ಏಪ್ರಿಲ್ 6 ಬೇಡ, 13 ಒಳ್ಳೆಯದು.

ಐದು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅದೇ ಮೇಲ್‌ಗೆ ಉತ್ತರವಾಗಿ ಒಂದು ಸಾಲು ಬರೆಯಿರಿ: ‘ಜನವರಿ 5ರ ನನ್ನ ರಾಜೀನಾಮೆಯ ಪ್ರಕಾರ ಕೊನೆಯ ದಿನ ಏಪ್ರಿಲ್ 4 ಎಂದು ಭಾವಿಸಿ ಕೆಲಸ ಹಸ್ತಾಂತರದ ಯೋಜನೆ ಮಾಡುತ್ತಿದ್ದೇನೆ, ಬೇರೆ ಇದ್ದರೆ ತಿಳಿಸಿ.’ ಹೊಸ ಮೇಲ್ ಶುರು ಮಾಡಬೇಡಿ. ಒಂದೇ ಸರಣಿಯಲ್ಲಿ ದಿನಾಂಕಗಳು ಸಾಲಾಗಿ ಕಂಡರೆ ಯಾರು ಸುಮ್ಮನಿದ್ದರು ಎಂಬುದು ವಿವರಿಸದೆಯೇ ತಿಳಿಯುತ್ತದೆ.

‘ರಿಲೀವ್ ಮಾಡೋದಿಲ್ಲ’ ಎಂಬ ಮಾತಿನ ತೂಕ

ಯಾರನ್ನೂ ಕೆಲಸದಲ್ಲಿ ಬಲವಂತವಾಗಿ ಉಳಿಸಿಕೊಳ್ಳಲು ಕಂಪನಿಗೆ ಬರುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ‘ಮಾಡಲೇಬೇಕು’ ಎಂದು ನಮ್ಮ ನ್ಯಾಯಾಲಯಗಳು ಜಾರಿ ಮಾಡಿಸುವುದಿಲ್ಲ. ಇದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಹಳೆಯ ನೆಲೆಗಟ್ಟು. ನೋಟಿಸ್ ಪೂರ್ತಿ ಮಾಡದೆ ಹೋದರೆ ಕರಾರಿನಂತೆ ಹಣ ಕೇಳಬಹುದು, ಕಾಗದಪತ್ರ ತಡಮಾಡಬಹುದು. ಮ್ಯಾನೇಜರ್ ಕೈಯಲ್ಲಿರುವ ನಿಜವಾದ ಹಿಡಿತ ಆ ತಡವೇ. ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯಲ್ಲಿ ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಬಗೆ ನೋಡುತ್ತಾರೆ. ‘ಆಬ್ಸ್‌ಕಾಂಡಿಂಗ್’, ಅಂದರೆ ಹೇಳದೆ ಕೆಲಸ ಬಿಟ್ಟು ಹೋದವರು ಎಂದು ದಾಖಲಾಗುವುದೊಂದೇ ನಿಜಕ್ಕೂ ನೋಯಿಸುವ ಸಂಗತಿ. ಕೊನೆಯ ದಿನದವರೆಗೆ ಹಾಜರಿ ಸರಿಯಿಟ್ಟುಕೊಳ್ಳಬೇಕು ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಬೇಗ ಬಿಡುಗಡೆ ಬೇಕಿದ್ದರೆ ನೇಮಕಾತಿ ಪತ್ರದ ಬೈಔಟ್ ಷರತ್ತು ತೆಗೆದು ನೋಡಿ. ಉಳಿದ ದಿನಗಳ ಹಣ ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ ಎಂಬ ಒಂದು ಪದದಲ್ಲಿ ದೊಡ್ಡ ವ್ಯತ್ಯಾಸವಿದೆ. ನಮ್ಮ ಇಂಜಿನಿಯರ್ 30 ದಿನ ಮೊದಲು ಹೋಗಬೇಕೆಂದರೆ ಬೇಸಿಕ್ ಲೆಕ್ಕದಲ್ಲಿ ದಿನಕ್ಕೆ 2,000ದಂತೆ 60,000 ರೂಪಾಯಿ, ಒಟ್ಟು ಸಂಬಳದ ಲೆಕ್ಕದಲ್ಲಿ 1,20,000. ಹೀಗೆ ಕಡಿತ ಮಾಡುವ ಮೊತ್ತದ ಮೇಲೆ ಜಿಎಸ್‌ಟಿ ಸೇರಿಸಿದ್ದರೆ ಪ್ರಶ್ನಿಸಿ. ನೋಟಿಸ್ ಹಣದ ವಸೂಲಿಗೆ ಜಿಎಸ್‌ಟಿ ಬೀಳುವುದಿಲ್ಲ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿದೆ.

ಇದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ಜಗಳ ಬಿಸಿಯಾದಾಗ ಮ್ಯಾನೇಜರ್ ‘ನಾಳೆಯಿಂದ ಬರಬೇಡ, ನೀನೇ ಬೇಗ ಹೋಗ್ತೀನಿ ಅಂತ ಒಂದು ಮೇಲ್ ಹಾಕಿಬಿಡು’ ಎನ್ನಬಹುದು. ಕೇಳಲು ಬಿಡುಗಡೆಯಂತೆ ಇರುತ್ತದೆ. ಆ ಮೇಲ್ ಹೋದ ಕೂಡಲೇ ನೋಟಿಸ್ ಮುರಿದವರು ನೀವು ಎಂದಾಗುತ್ತದೆ, ಉಳಿದ ದಿನಗಳ ಹಣ ನಿಮ್ಮ ಲೆಕ್ಕದಿಂದ ಹೋಗುತ್ತದೆ. ಹೀಗೆ ಬರೆಯಿರಿ: ‘ನೋಟಿಸ್ ಪೂರ್ತಿ ಕೆಲಸ ಮಾಡಲು ನಾನು ಸಿದ್ಧ. ಕಂಪನಿ ಬೇಗ ಬಿಡುಗಡೆ ಮಾಡುವುದಾದರೆ ದಿನಾಂಕ ಮತ್ತು ನೋಟಿಸ್ ಅವಧಿಯ ಸಂಬಳದ ಬಗ್ಗೆ ಎಚ್‌ಆರ್ ಕಡೆಯಿಂದ ಬರಹದಲ್ಲಿ ತಿಳಿಸಿ.’ ಉತ್ತರ ಬರುವ ತನಕ ದಿನಾ ಲಾಗಿನ್ ಆಗಿ. ಐದು ವರ್ಷದ ಸೇವೆ ಮುಗಿಯುವ ಹೊಸ್ತಿಲಲ್ಲಿ ಇರುವವರಂತೂ ಗ್ರಾಚ್ಯುಟಿಯ ಲೆಕ್ಕ ನೋಡದೆ ಬೇಗ ಬಿಡುಗಡೆಗೆ ತಲೆ ಅಲ್ಲಾಡಿಸಬಾರದು.

ಕೆಟಿ: ಜಗಳವೆಲ್ಲ ಬಂದು ನಿಲ್ಲುವ ಜಾಗ

ಹಗೆ ಸಾಧಿಸುವ ಮ್ಯಾನೇಜರ್‌ಗೆ ಅತಿ ಸುಲಭದ ಅಸ್ತ್ರ ‘ಕೆಟಿ ಸರಿಯಾಗಿ ಕೊಟ್ಟಿಲ್ಲ’ ಎಂಬುದು. ಕೆಲಸ ಹಸ್ತಾಂತರಕ್ಕೆ ಅಳತೆ ಇಲ್ಲದಿರುವುದೇ ಇದಕ್ಕೆ ಕಾರಣ. ಏನು ಮುಗಿದರೆ ಮುಗಿದಂತೆ ಎಂದು ಯಾರೂ ಮೊದಲು ಬರೆದಿರುವುದಿಲ್ಲ, ಹಾಗಾಗಿ ಕೊನೆಗೆ ಯಾರು ಏನು ಬೇಕಾದರೂ ಹೇಳಬಹುದು. ಆ ಅಳತೆಯನ್ನು ಎರಡನೇ ವಾರದಲ್ಲೇ ನೀವೇ ಮಾಡಿ ಮುಂದಿಡಬೇಕು.

ಒಂದು ಶೀಟ್ ತೆರೆಯಿರಿ. ಪ್ರತಿ ಸಾಲಿನಲ್ಲಿ ನಿಮ್ಮ ಕೈಯಲ್ಲಿರುವ ಒಂದೊಂದು ಕೆಲಸ: ರಾತ್ರಿ ಓಡುವ ರಿಗ್ರೆಶನ್ ಸೂಟ್, ಟೆಸ್ಟ್ ಡೇಟಾ ತಯಾರಿ, ಕ್ಲೈಂಟ್‌ಗೆ ಸೋಮವಾರ ಹೋಗುವ ವರದಿ, ಡಿವೈಸ್ ಲ್ಯಾಬ್ ಬುಕಿಂಗ್, ಹೀಗೆ. ಅದರ ಮುಂದೆ ಯಾರು ತೆಗೆದುಕೊಳ್ಳುತ್ತಾರೆ, ಯಾವ ದಿನ ಹೇಳಿಕೊಟ್ಟಿರಿ, ದಾಖಲೆ ಅಥವಾ ರೆಕಾರ್ಡಿಂಗ್ ಎಲ್ಲಿದೆ, ತೆಗೆದುಕೊಂಡವರು ಸ್ವತಃ ಮಾಡಿ ತೋರಿಸಿದ್ದು ಯಾವಾಗ. ಈ ಕೊನೆಯ ಅಂಕಣವೇ ಮುಖ್ಯ. ನೀವು ಎರಡು ಗಂಟೆ ಸ್ಕ್ರೀನ್ ತೋರಿಸಿ ಮಾತಾಡಿದ್ದು ಕೆಟಿ ಅಲ್ಲ, ಕೇಳಿದವರು ಅರ್ಧ ಹೊತ್ತು ಬೇರೆ ಚಾಟ್ ನೋಡುತ್ತಿರುತ್ತಾರೆ. ಮೂರು ದಿನ ಬಿಟ್ಟು ಅವರೇ ಕೀಬೋರ್ಡ್ ಹಿಡಿದು ಸೂಟ್ ಓಡಿಸಿ, ಬಿದ್ದ ಒಂದು ಟೆಸ್ಟನ್ನು ಸರಿಮಾಡಿ, ವರದಿ ಕಳುಹಿಸಲಿ. ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ಇದನ್ನು ರಿವರ್ಸ್ ಕೆಟಿ ಎನ್ನುತ್ತಾರೆ. ಎಲ್ಲಿ ತಡವರಿಸಿದರೋ ಆ ಹೆಜ್ಜೆ ನಿಮ್ಮ ದಾಖಲೆಯಲ್ಲಿ ಬಿಟ್ಟುಹೋಗಿದೆ ಎಂದರ್ಥ. ಹೆಚ್ಚಾಗಿ ಬಿಟ್ಟುಹೋಗುವುದು ನಿಮಗೆ ಅಭ್ಯಾಸವಾಗಿ ಕಾಣದಂತಾದ ಸಂಗತಿಗಳು: ಯಾವ ಪಾಸ್‌ವರ್ಡ್ ಎಷ್ಟು ದಿನಕ್ಕೊಮ್ಮೆ ಅವಧಿ ಮುಗಿಯುತ್ತದೆ, ಯಾವ ಜಾಬ್ ನಿಮ್ಮ ಸ್ವಂತ ಐಡಿಯಲ್ಲಿ ಓಡುತ್ತಿದೆ, ಯಾವ ಟೆಸ್ಟ್ ಬಿದ್ದರೂ ಲೆಕ್ಕಿಸಬೇಕಿಲ್ಲ. ನಿಮ್ಮ ಐಡಿಯಲ್ಲಿ ಓಡುವ ಜಾಬ್ ಮೇಲೆ ವಿಶೇಷ ನಿಗಾ ಇರಲಿ. ನೀವು ಹೋದ ಮರುದಿನ ಐಡಿ ಬಂದ್ ಆಗುತ್ತದೆ, ಜಾಬ್ ನಿಲ್ಲುತ್ತದೆ, ‘ಬೇಕಂತಲೇ ಕೆಡಿಸಿ ಹೋದ’ ಎಂಬ ಮಾತು ಅಲ್ಲಿಂದ ಹುಟ್ಟುತ್ತದೆ.

ಕೊನೆಯ ದಿನಕ್ಕೆ 15 ಕೆಲಸದ ದಿನ ಇರುವಾಗಲೇ ಎಲ್ಲ ಸಾಲುಗಳೂ ಒಮ್ಮೆಯಾದರೂ ಮುಗಿದಿರಲಿ. ನಮ್ಮ ಪ್ರಕರಣದಲ್ಲಿ ಏಪ್ರಿಲ್ 2ರಿಂದ ಹಿಂದಕ್ಕೆ ಎಣಿಸಿ, ಮಾರ್ಚ್ 19ರ ಯುಗಾದಿ ರಜೆ ಬಿಟ್ಟರೆ, ಮಾರ್ಚ್ 12ರ ಹೊತ್ತಿಗೆ. ಉಳಿದ ಮೂರು ವಾರ ಅವರು ಕೆಲಸ ಮಾಡುತ್ತಾರೆ, ನೀವು ಸಂದೇಹಕ್ಕೆ ಸಿಗುತ್ತೀರಿ.

ತೆಗೆದುಕೊಳ್ಳಲು ಯಾರನ್ನೂ ಕೊಡದಿದ್ದರೆ? ಇದು ಬಹಳ ನಡೆಯುತ್ತದೆ. ಬದಲಿ ಜನ ಸಿಕ್ಕಿಲ್ಲ ಎಂಬುದು ಮ್ಯಾನೇಜರ್‌ನ ಸಮಸ್ಯೆ, ಆದರೆ ಕೊನೆಗೆ ನಿಮ್ಮ ತಲೆಗೆ ಬರುತ್ತದೆ. ಶೀಟ್‌ನ ‘ಯಾರಿಗೆ’ ಅಂಕಣ ಖಾಲಿ ಬಿಟ್ಟು, ಹೆಸರು ಸೂಚಿಸುವಂತೆ ಬರಹದಲ್ಲಿ ಕೇಳಿ. ಕಾಯುತ್ತ ಕೂರಬೇಡಿ. ಪ್ರತಿ ಸಾಲಿನ ಕೆಲಸವನ್ನು 20-30 ನಿಮಿಷದ ರೆಕಾರ್ಡಿಂಗ್ ಮಾಡಿ ತಂಡದ ಹಂಚಿಕೆಯ ಫೋಲ್ಡರ್‌ಗೆ ಹಾಕಿ, ಲಿಂಕ್ ಶೀಟ್‌ನಲ್ಲಿ ಸೇರಿಸಿ. ಸ್ವಂತ ಡ್ರೈವ್‌ನಲ್ಲಿ ಇಟ್ಟರೆ ನಿಮ್ಮ ಖಾತೆಯ ಜೊತೆಗೇ ಅದೂ ಹೋಗುತ್ತದೆ.

ಪ್ರತಿ ಶುಕ್ರವಾರ ಸಂಜೆ ಶೀಟ್‌ನ ಲಿಂಕ್ ಜೊತೆ ಒಂದು ಮೇಲ್: ಈ ವಾರ ಇಷ್ಟು ಮುಗಿಯಿತು, ಮುಂದಿನ ವಾರ ಇಷ್ಟು, ನಿಮ್ಮಿಂದ ಬೇಕಾದದ್ದು ಇದು. ಐದು ಸಾಲು ಮೀರದಿರಲಿ. ಮ್ಯಾನೇಜರ್‌ಗೆ, ತೆಗೆದುಕೊಳ್ಳುವವರಿಗೆ ಮಾತ್ರ. ಎಚ್‌ಆರ್ ಅನ್ನು ಪ್ರತಿ ವಾರ ಸಿಸಿಗೆ ಎಳೆದರೆ ಅದು ಯುದ್ಧ ಸಾರಿದಂತೆ ಕಾಣುತ್ತದೆ, ಅವರೂ ಓದುವುದನ್ನು ಬಿಡುತ್ತಾರೆ. ಉತ್ತರ ಬಾರದಿದ್ದರೂ ಹತ್ತು ಹನ್ನೆರಡು ಮೇಲ್‌ಗಳ ಸಾಲು ಮಾರ್ಚ್ ಕೊನೆಗೆ ತಾನೇ ಮಾತಾಡುತ್ತದೆ.

ಇದರ ನಡುವೆ ಹೊಸ ಕೆಲಸ ಹೇರುವುದೂ ಉಂಟು. ಐದು ವಾರ ಉಳಿದಿರುವಾಗ ಆರು ವಾರದ ಕೆಲಸ ಬಂತು ಎಂದುಕೊಳ್ಳಿ. ‘ಆಗುವುದಿಲ್ಲ’ ಎಂದರೆ ಅಸಹಕಾರ ಎಂದು ದಾಖಲಾಗುತ್ತದೆ, ‘ಸರಿ’ ಎಂದರೆ ಮುಗಿಯದೆ ಉಳಿದದ್ದು ನಿಮ್ಮ ತಪ್ಪಾಗುತ್ತದೆ. ಆಯ್ಕೆಯನ್ನು ಅವರಿಗೇ ಬಿಡಿ: ‘ಸರ್, ಏಪ್ರಿಲ್ 2ರೊಳಗೆ ಇದರ ಮೊದಲ ಎರಡು ಭಾಗ ಮಾಡಬಲ್ಲೆ. ಅದಕ್ಕೆ ಕೆಟಿಯ ಈ ಮೂರು ಸಾಲು ಹಿಂದೆ ಹೋಗುತ್ತವೆ. ಯಾವುದು ಮೊದಲು ಎಂದು ಹೇಳಿ, ಹಾಗೇ ಮಾಡುತ್ತೇನೆ.’

ಮಾತಿನ ಪೆಟ್ಟು

ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ ‘ಇವರಿಗೇನು ಬಿಡಿ, ಹೋಗೋರು’ ಎಂದರೆ ಅಲ್ಲೇ ತಿರುಗಿಸಿ ಹೇಳುವ ಆಸೆ ಸಹಜ. ಅಲ್ಲಿ ಹೇಳಬೇಕಾದದ್ದು ನಿಮ್ಮ ಕೆಲಸದ ಸ್ಥಿತಿ ಮಾತ್ರ: ನಿನ್ನೆ ಇದಾಯಿತು, ಇವತ್ತು ಇದು, ಅಡ್ಡಿ ಇದು. ಚುಚ್ಚುಮಾತು ಕೇಳಿಸಿಯೇ ಇಲ್ಲವೆಂಬಂತೆ ಮುಂದೆ ಹೋಗಿ. ಎರಡನೇ ಸಲವೂ ಆದರೆ ಅಂದೇ ಒಬ್ಬರಿಗೇ ಹೇಳಿ: ‘ಸರ್, ಸ್ಟ್ಯಾಂಡ್‌ಅಪ್‌ನಲ್ಲಿ ನಾನು ಬಿಡೋ ವಿಷಯ ಎತ್ತಿದ್ದು ನನಗೆ ಸರಿ ಅನ್ನಿಸಲಿಲ್ಲ. ಕೆಲಸದಲ್ಲಿ ಏನಾದ್ರೂ ಬಾಕಿ ಕಂಡ್ರೆ ನೇರ ನನಗೇ ಹೇಳಿ, ನೋಡ್ತೀನಿ.’ ಇಷ್ಟೇ. ಹಲವರು ಇಲ್ಲಿಗೆ ಸುಮ್ಮನಾಗುತ್ತಾರೆ, ಎದುರಿನವರಿಗೆ ಗಮನವಿದೆ ಎಂದು ಗೊತ್ತಾದದ್ದೇ ಸಾಕಾಗಿರುತ್ತದೆ.

ಆಗಲೂ ನಿಲ್ಲದಿದ್ದರೆ ಟಿಪ್ಪಣಿ ಇಡಲು ಶುರು ಮಾಡಿ. ದಿನಾಂಕ, ಹೊತ್ತು, ಆಡಿದ ಮಾತು ಇದ್ದಂತೆಯೇ, ಅಲ್ಲಿ ಯಾರಿದ್ದರು. ‘ಅವಮಾನ ಮಾಡಿದರು’ ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯವಾಗುತ್ತದೆ, ಮಾತನ್ನೇ ಬರೆದರೆ ಓದಿದವರೇ ನಿರ್ಣಯಿಸುತ್ತಾರೆ. ಟಿಪ್ಪಣಿ ನಿಮ್ಮ ಸ್ವಂತ ಪುಸ್ತಕದಲ್ಲಿರಲಿ, ಕ್ಲೈಂಟ್ ಹೆಸರು ಪ್ರಾಜೆಕ್ಟ್ ವಿವರ ಅದರಲ್ಲಿ ಬೇಡ. ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮ್ಯಾನೇಜರ್ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ. ಸ್ಕ್ರೀನ್‌ಶಾಟ್ ಅವರಿಗೆ ತಲುಪಲು ಒಂದು ಸಂಜೆಯೂ ಬೇಕಾಗುವುದಿಲ್ಲ.

ಹೋಗುತ್ತಿರುವ ಕಂಪನಿಯ ಹೆಸರನ್ನು ಸೇರುವ ತನಕ ಯಾರಿಗೂ ಹೇಳದಿರುವುದು ಕ್ಷೇಮ. ‘ಅಲ್ಲಿಗೆ ಫೋನ್ ಮಾಡ್ತೀನಿ’ ಎಂಬ ಬೆದರಿಕೆಗೆ ಆಧಾರವೇ ಇಲ್ಲದಂತಾಗುತ್ತದೆ. ಎಕ್ಸಿಟ್ ಫಾರ್ಮ್ ಕೇಳಿದರೆ ಆ ಜಾಗದಲ್ಲಿ ‘ಹೇಳಲು ಇಚ್ಛಿಸುವುದಿಲ್ಲ’ ಎಂದು ಬರೆದರೆ ಆಯಿತು.

ತಾಳ್ಮೆಗೂ ಒಂದು ಗೆರೆ ಇದೆ. ಜಾತಿ, ಹೆಣ್ಣುತನ, ಊರು, ಭಾಷೆ ಹಿಡಿದು ಬೈದರೆ ಅದನ್ನು ನುಂಗಿಕೊಳ್ಳುವುದು ವೃತ್ತಿಪರತೆ ಅಲ್ಲ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬಹುದು. ರಾಜೀನಾಮೆ ಕೊಟ್ಟಿರುವುದು ಅದಕ್ಕೆ ಅಡ್ಡಿಯಾಗುವುದಿಲ್ಲ. ಉಳಿದ ತಕರಾರುಗಳಿಗೆ ಮೊದಲು ಎಚ್‌ಆರ್, ಆಮೇಲೆ ಮ್ಯಾನೇಜರ್‌ನ ಮೇಲಿನವರು, ಆಮೇಲೆ ಕುಂದುಕೊರತೆ ಸಮಿತಿ. ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುವಾಗ ರಾಜ್ಯ ಸರ್ಕಾರ ಹಾಕಿದ್ದ ಷರತ್ತುಗಳಲ್ಲಿ, ನೌಕರರ ಪ್ರತಿನಿಧಿಗಳೂ ಇರುವ ಇಂಥ ಸಮಿತಿ ಒಂದು. ಪೋರ್ಟಲ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಎಚ್‌ಆರ್‌ಗೆ ಬರೆಯುವಾಗ ಮ್ಯಾನೇಜರ್ ಎಂಥವರು ಎಂದು ಬರೆಯಬೇಡಿ. ನಿಮಗೆ ಏನಾಗಬೇಕು ಎಂದು ಬರೆಯಿರಿ: ಕೆಟಿಗೆ ಜನ ಸೂಚಿಸಿಕೊಡಿ, ದಿನಾಂಕ ಖಚಿತಪಡಿಸಿ, ಈ ಎರಡು ದಿನದ ಹಾಜರಿ ಸರಿಪಡಿಸಿ. ಸ್ವಭಾವದ ದೂರನ್ನು ಎಚ್‌ಆರ್ ಬಗೆಹರಿಸಲಾರರು. ಹಾಜರಿ ಸರಿಪಡಿಸುವುದು ಅವರಿಗೆ ಐದು ನಿಮಿಷದ ಕೆಲಸ.

ರಜೆ ಮತ್ತು ಹಾಜರಿ

ನೋಟಿಸ್‌ನಲ್ಲಿ ರಜೆ ಹಾಕಿದಷ್ಟು ದಿನ ಕೊನೆಯ ದಿನ ಮುಂದೆ ಹೋಗುತ್ತದೆ ಎಂಬ ನಿಯಮ ಹಲವು ಕಂಪನಿಗಳಲ್ಲಿದೆ. ಹಾಗಾಗಿ ಮದುವೆ, ಊರ ಜಾತ್ರೆಯಂಥ ಗೊತ್ತಿರುವ ರಜೆಗಳನ್ನು ಮೊದಲ ತಿಂಗಳಲ್ಲೇ ಬರಹದಲ್ಲಿ ಒಪ್ಪಿಸಿಕೊಂಡು, ದಿನಾಂಕ ಬದಲಾಗುವುದೇ ಇಲ್ಲವೇ ಎಂದು ಕೇಳಿಟ್ಟುಕೊಳ್ಳಿ.

ಜ್ವರ ಹೇಳಿ ಬರುವುದಿಲ್ಲ. ನಮ್ಮ ಇಂಜಿನಿಯರ್‌ಗೆ ಫೆಬ್ರವರಿ 16, 17ರಂದು ಜ್ವರ ಎಂದುಕೊಳ್ಳಿ. ಫೋನಿನಲ್ಲಿ ಹೇಳಿ ಮಲಗಿದರೆ, ಜಗಳದ ನಡುವೆ ಅದೇ ‘ಹೇಳದೆ ಗೈರು’ ಆಗುತ್ತದೆ. 16ರ ಬೆಳಿಗ್ಗೆ ಕೆಲಸದ ಹೊತ್ತು ಶುರುವಾಗುವ ಮೊದಲು ಮೇಲ್, ಅದೇ ದಿನ ಪೋರ್ಟಲ್‌ನಲ್ಲಿ ಸಿಕ್ ಲೀವ್, 18ಕ್ಕೆ ಬಂದ ಕೂಡಲೇ ಡಾಕ್ಟರ್ ಚೀಟಿ ಸೇರಿಸಿ ಅದೇ ಮೇಲ್‌ಗೆ ಉತ್ತರ. ಮ್ಯಾನೇಜರ್ ರಜೆ ತಿರಸ್ಕರಿಸಿದರೂ ಈ ಮೂರು ಗುರುತುಗಳು ಉಳಿಯುತ್ತವೆ. ತಿಂಗಳ ಕೊನೆಗೆ ಹಾಜರಿ ಪುಟ ತೆರೆದು ನೋಡಿ, ಸಂಬಳರಹಿತ ಎಂದು ಬಿದ್ದಿದ್ದರೆ ಪೇರೋಲ್ ಮುಚ್ಚುವ ಮೊದಲೇ ಎಚ್‌ಆರ್‌ಗೆ ಹೇಳಿ. ಎರಡು ತಿಂಗಳ ನಂತರ ಅದನ್ನು ತಿದ್ದಿಸುವುದು ಬಲು ಕಷ್ಟ.

ಕೊನೆಯ ಎರಡು ವಾರ

ಪೇ ಸ್ಲಿಪ್‌ಗಳು, ಫಾರ್ಮ್ 16, ನೇಮಕಾತಿ ಪತ್ರ, ಸಂಬಳ ಹೆಚ್ಚಳದ ಪತ್ರಗಳನ್ನು ಪೋರ್ಟಲ್‌ನಿಂದ ಇಳಿಸಿಕೊಳ್ಳಿ. ಇವು ನಿಮ್ಮವು. ಕೋಡ್, ಟೆಸ್ಟ್ ಕೇಸ್, ಕ್ಲೈಂಟ್ ದಾಖಲೆ, ನೀವೇ ಬರೆದ ಟೆಂಪ್ಲೇಟ್ ಕೂಡ ನಿಮ್ಮವಲ್ಲ. ನೋಟಿಸ್‌ನಲ್ಲಿ ಇರುವವರ ಲ್ಯಾಪ್‌ಟಾಪ್‌ನಿಂದ ಹೊರಹೋಗುವ ಫೈಲ್‌ಗಳ ಮೇಲೆ ಸೆಕ್ಯುರಿಟಿ ತಂಡ ಹೆಚ್ಚು ಕಣ್ಣಿಟ್ಟಿರುತ್ತದೆ. ಮೂರು ತಿಂಗಳು ಸರಿಯಾಗಿ ನಡೆದುಕೊಂಡು ಕೊನೆಯ ವಾರ ಒಂದು ಜಿಪ್ ಫೈಲ್ ಸ್ವಂತ ಮೇಲ್‌ಗೆ ಕಳುಹಿಸಿದರೆ, ಹಗೆ ಸಾಧಿಸುವ ಮ್ಯಾನೇಜರ್‌ಗೆ ನೀವೇ ಕಾರಣ ಕೊಟ್ಟಂತೆ.

ಕ್ಲಿಯರೆನ್ಸ್ ಟಿಕೆಟ್‌ಗಳು ಕೊನೆಯ ದಿನ ತಾನಾಗಿ ಮುಗಿಯುತ್ತವೆ ಎಂದು ನಂಬಬೇಡಿ. ಐಟಿ, ಫೈನಾನ್ಸ್, ಆಡ್ಮಿನ್ ವಿಭಾಗದವು ಸುಲಭ. ಸಿಕ್ಕಿಕೊಳ್ಳುವುದು ಮ್ಯಾನೇಜರ್ ಒಪ್ಪಬೇಕಾದ ಒಂದೇ ಸಾಲು. ಐದು ಕೆಲಸದ ದಿನ ಮೊದಲೇ ಕೆಟಿ ಶೀಟ್ ಜೋಡಿಸಿ ಒಪ್ಪಿಗೆ ಕೇಳಿ, ಎರಡು ದಿನ ಬಿಟ್ಟು ನೆನಪಿಸಿ. ಮೂರನೆಯ ದಿನ ಎಚ್‌ಆರ್‌ಗೆ ಬರೆಯಿರಿ: ಎಲ್ಲ ಸಾಲುಗಳೂ ಮುಗಿದಿವೆ, ತೆಗೆದುಕೊಂಡವರು ಖಚಿತಪಡಿಸಿದ ದಿನಾಂಕ ಶೀಟ್‌ನಲ್ಲಿದೆ, ಉಳಿದಿರುವುದು ಈ ಒಂದು ಒಪ್ಪಿಗೆ. ಇಷ್ಟು ಪುರಾವೆ ಎದುರಿಗಿದ್ದರೆ ಎಚ್‌ಆರ್ ತಾವೇ ಮುಂದೆ ತಳ್ಳಲು ಹಿಂಜರಿಯುವುದಿಲ್ಲ.

ಲ್ಯಾಪ್‌ಟಾಪ್ ಒಪ್ಪಿಸುವಾಗ ಸೀರಿಯಲ್ ನಂಬರ್ ಇರುವ ಸ್ವೀಕೃತಿ ಪಡೆಯಿರಿ. ಚಾರ್ಜರ್, ಹೆಡ್‌ಸೆಟ್, ಐಡಿ ಕಾರ್ಡ್ ಕೂಡ ಅದರಲ್ಲಿ ಬರೆದಿರಲಿ. ನಾಲ್ಕು ತಿಂಗಳ ನಂತರ ‘ಚಾರ್ಜರ್ ಬಂದಿಲ್ಲ’ ಎಂದು ಎಫ್ ಆ್ಯಂಡ್ ಎಫ್, ಅಂದರೆ ಕೊನೆಯ ಲೆಕ್ಕದ ಹಣ, ತಡೆದ ಪ್ರಕರಣಗಳು ಕಡಿಮೆಯೇನಲ್ಲ. ಎಕ್ಸಿಟ್ ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಬಗ್ಗೆ ಹೇಳುವುದಿದ್ದರೆ ಮೊದಲೇ ಬರಹದಲ್ಲಿ ಹೇಳಿದ್ದನ್ನಷ್ಟೇ, ಅದೇ ಮಾತುಗಳಲ್ಲಿ ಹೇಳಿ. ವಿದಾಯದ ಮೇಲ್ ಮೂರು ಸಾಲಿನದಾಗಿರಲಿ, ಕೆಲಸದಲ್ಲಿ ನೆರವಾದವರಿಗೆ ಧನ್ಯವಾದ ಇರಲಿ, ಮ್ಯಾನೇಜರ್ ಹೆಸರನ್ನು ಹೊಗಳಿಕೆಗೂ ತೆಗೆದುಕೊಳ್ಳಬೇಕಿಲ್ಲ.

ಹೊರಬಂದ ಮೇಲೆ

2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟು ಹೋದವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಹಳೆಯ ರೂಢಿಯಂತೆ 30ರಿಂದ 45 ದಿನ ಎನ್ನುವ ಕಂಪನಿಗಳು ಈಗಲೂ ಇವೆ. ಅಂಥಲ್ಲಿ ಈ ನಿಯಮವನ್ನು ಉಲ್ಲೇಖಿಸಿ ಒಂದು ಮೇಲ್ ಬರೆದರೆ ಕಡತ ಅಲುಗಾಡುತ್ತದೆ. ಗ್ರಾಚ್ಯುಟಿಗೆ ಅರ್ಹರಾದವರಿಗೆ ಅದು 30 ದಿನದೊಳಗೆ ಬರಬೇಕು. ಎರಡು ಮೇಲ್‌ಗೂ ಉತ್ತರವಿಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ವಿಚಾರಿಸಿದರೆ ನಿಮ್ಮ ಪ್ರದೇಶದ ಅಧಿಕಾರಿ ಯಾರೆಂದು ಹೇಳುತ್ತಾರೆ. ಐಟಿ ನೌಕರರಿಗೆ ಕೆಐಟಿಯು ಎಂಬ ಸಂಘವೂ ಇದೆ. ರಿಲೀವಿಂಗ್ ಲೆಟರ್ ಬಂದ ದಿನವೇ ಅದರಲ್ಲಿನ ಎರಡೂ ದಿನಾಂಕ, ಹುದ್ದೆಯ ಹೆಸರು ಸರಿಯಿದೆಯೇ ನೋಡಿ. ಅದು ತಡವಾದರೆ ಹೊಸ ಕಂಪನಿಯವರಿಗೆ ರಾಜೀನಾಮೆಯ ಮೇಲ್, ಅದನ್ನು ಒಪ್ಪಿದ ಉತ್ತರ, ಕೊನೆಯ ಪೇ ಸ್ಲಿಪ್ ತೋರಿಸಿ ಸಮಯ ಕೇಳಬಹುದು. ಹೆಚ್ಚಿನವರು ಒಪ್ಪುತ್ತಾರೆ.

ಪಿಎಫ್‌ನಲ್ಲಿ ಬಿಟ್ಟ ದಿನಾಂಕವನ್ನು ಹಳೆಯ ಕಂಪನಿ ಹಾಕದೆ ಬಿಟ್ಟರೆ ಅದಕ್ಕಾಗಿ ಯಾರ ಹಿಂದೆಯೂ ಅಲೆಯಬೇಕಿಲ್ಲ. ಕೊನೆಯ ವಂತಿಗೆ ಬಿದ್ದ ಎರಡು ತಿಂಗಳ ನಂತರ ಇಪಿಎಫ್‌ಒ ಸದಸ್ಯರ ಪೋರ್ಟಲ್‌ಗೆ ಯುಎಎನ್ ಹಾಕಿ ಒಳಹೋಗಿ, `Manage` ಅಡಿಯಲ್ಲಿ `Mark Exit` ಆರಿಸಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ ನೀವೇ ದಿನಾಂಕ ಹಾಕಬಹುದು. ರಿಲೀವಿಂಗ್ ಲೆಟರ್‌ನಲ್ಲಿ ಇರುವ ದಿನಾಂಕವನ್ನೇ ಹಾಕಿ, ಹೊಸ ಕಂಪನಿ ಸೇರಿದ ದಿನಕ್ಕಿಂತ ಅದು ಹಿಂದಿನದಾಗಿರಬೇಕು. ಎರಡು ಕಂಪನಿಗಳ ಅವಧಿ ಒಂದರ ಮೇಲೊಂದು ಬಿದ್ದರೆ ಪಿಎಫ್ ವರ್ಗಾವಣೆ ಅಲ್ಲೇ ನಿಂತುಬಿಡುತ್ತದೆ.